ಪೆನ್ಸಿಲ್ ಗುರುತು ಹಾಕುತ್ತಿದ್ದ ಮೇಡಂಗೆ ಕಾರ್ಡಿನಲ್ಲಿ ಏನಂತ ಬರೆಯೋದು?

ಪ್ರಶ್ನೆ: ನಮ್ಮ ಆಫೀಸಿನಲ್ಲಿ 31 ವರ್ಷ ಕ್ಲರ್ಕ್ ಆಗಿದ್ದ ಮೇಡಂ ಈ ತಿಂಗಳ ಕೊನೆಗೆ ರಿಟೈರ್ ಆಗ್ತಿದ್ದಾರೆ. ಎಲ್ಲರ ಪರವಾಗಿ ಕಾರ್ಡ್ ಬರೆಯೋ ಕೆಲಸ ನನ್ನ ಪಾಲಿಗೆ ಬಂದಿದೆ. ಹೀಗೆ ಬರೆದಿದ್ದೇನೆ: “ತಮ್ಮ ಸುದೀರ್ಘ ಸೇವಾವಧಿಯಲ್ಲಿ ತಾವು ತೋರಿದ ಕರ್ತವ್ಯನಿಷ್ಠೆ, ಶಿಸ್ತು ಹಾಗೂ ಸರಳ ಸಜ್ಜನಿಕೆ ನಮಗೆಲ್ಲ ದಾರಿದೀಪ. ತಮ್ಮ ನಿರ್ಗಮನ ತುಂಬಲಾರದ ನಷ್ಟ. ತಮ್ಮ ನಿವೃತ್ತ ಜೀವನ ಸುಖಮಯವಾಗಿರಲಿ.” ಓದಿದವರು ಚೆನ್ನಾಗಿದೆ ಅಂದರು. ನನಗೇ ಸಮಾಧಾನ ಇಲ್ಲ, ಯಾರಿಗೆ ಬೇಕಾದರೂ ಕೊಡಬಹುದು ಅನ್ನಿಸುತ್ತೆ. ಮೇಡಂ ಸ್ವಲ್ಪ ಖಡಕ್. ತಾರೀಕು, ಸಹಿ ಇಲ್ಲದ ಕಾಗದ ತಗೊಳ್ತಾನೇ ಇರಲಿಲ್ಲ. ಆದರೆ ತುಂಬಾ ಒಳ್ಳೆಯವರು. ನಾನು ಸೇರಿದ ಹೊಸದರಲ್ಲಿ ನನ್ನ ಟಿಪ್ಪಣಿಯಲ್ಲಿ ತಪ್ಪಿದ್ದರೆ, ಸಾಹೇಬರ ಹತ್ತಿರ ಹೋಗೋ ಮುಂಚೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೊಡ್ತಿದ್ದರು. ರೆಕಾರ್ಡ್ ರೂಮಿಗೆ ನೀರು ನುಗ್ಗಿದಾಗ ಫೈಲ್ ಒಣಗಿಸಿದ್ದೂ ಅವರೇ. ಇದನ್ನೆಲ್ಲ ಕಾರ್ಡಿನಲ್ಲಿ ಹೇಗೆ ತರೋದು?

ಉತ್ತರ: ನಿಮಗೆ ಬೇಕಾದ ಕಾರ್ಡು ನಿಮ್ಮ ಪತ್ರದ ಕೊನೆಯ ಸಾಲುಗಳಲ್ಲೇ ಇದೆ. ಕಾರ್ಡಿಗೆ ಅಂತ ಬರೆದ ಸಾಲುಗಳಲ್ಲಿ ಮೇಡಂ ಎಲ್ಲೂ ಕಾಣಿಸಲಿಲ್ಲ. ನನಗೆ ವಿಷಯ ತಿಳಿಸೋಣ ಅಂತ ಸುಮ್ನೆ ಬರೆದ ಸಾಲುಗಳಲ್ಲಿ ಅವರು ಮೇಜಿನ ಮುಂದೆ ಕೂತಿರುವುದು ನನಗೇ ಕಂಡಿತು. ನಾನು ಅವರನ್ನು ನೋಡಿಯೇ ಇಲ್ಲ!

ಬೀಳ್ಕೊಡುಗೆ ಕಾರ್ಡು, ಸನ್ಮಾನಪತ್ರ, ವಿದಾಯದ ನಾಲ್ಕು ಮಾತು, ಇಂಥವನ್ನು ತಿದ್ದಿಕೊಡಿ ಅಂತ ಜನ ನನ್ನ ಹತ್ತಿರ ತರುತ್ತಾರೆ. ಹೆಚ್ಚಿನವುಗಳಲ್ಲಿ ತೊಂದರೆ ಒಂದೇ. ಬರೆಯುವವರು ಆ ವ್ಯಕ್ತಿಯ ಗುಣ ಹೇಳುತ್ತಾರೆ, ಆ ಗುಣ ಕಂಡ ಸಂದರ್ಭ ಹೇಳುವುದಿಲ್ಲ. ಕರ್ತವ್ಯನಿಷ್ಠೆ ಅನ್ನುವುದು ತೀರ್ಪು. ತೀರ್ಪು ಓದಿದವರಿಗೆ ಖುಷಿ ಆಗಬಹುದು, ಆದರೆ ಅದರಲ್ಲಿ ತಮ್ಮ ಮುಖ ಕಾಣುವುದಿಲ್ಲ. ಏನು ನೋಡಿ ನೀವು ಆ ತೀರ್ಪಿಗೆ ಬಂದಿರೋ ಅದನ್ನು ಬರೆದರೆ, “ಓ, ಇದನ್ನು ಇವರು ಗಮನಿಸಿದ್ದರಾ?” ಅಂತ ಅನ್ನಿಸುತ್ತದೆ. ಕಾರ್ಡಿನಿಂದ ಮೇಡಂಗೆ ಸಿಗಬೇಕಾದದ್ದು ಅದೇ.

ಹಾಗಾಗಿ ನಿಮ್ಮ ಕರಡನ್ನು ಹರಿದು ಹಾಕಬೇಡಿ. ಅದರ ಒಂದೊಂದು ಪದದ ಕೆಳಗೆ ಗೆರೆ ಎಳೆದು, “ಏನು ನೋಡಿ ಹೀಗಂದೆ?” ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಶಿಸ್ತು ಅಂದಿರಿ, ಏನು ನೋಡಿ? ತಾರೀಕಿಲ್ಲದ ಕಾಗದ ಅವರು ತಗೊಳ್ಳುತ್ತಿರಲಿಲ್ಲ. ಕರ್ತವ್ಯನಿಷ್ಠೆ? ನೆನೆದ ಫೈಲುಗಳನ್ನು ಒಣಗಿಸಿದರು. ಸಜ್ಜನಿಕೆ? ಪೆನ್ಸಿಲ್ ಗುರುತು. ನೋಡಿ, ಮೂರು ಪದಕ್ಕೂ ಉತ್ತರ ನಿಮ್ಮ ಹತ್ತಿರವೇ ಇತ್ತು. ದಾರಿದೀಪ ಅನ್ನುವ ಪದಕ್ಕೆ ಮಾತ್ರ ಉತ್ತರ ಬರಲಿಲ್ಲ. ಉತ್ತರ ಬರದ ಪದವನ್ನು ಬಿಟ್ಟುಬಿಡಿ.

ಈಗ ಮೂರು ನೆನಪು ಕೈಯಲ್ಲಿವೆ. ಮೂರನ್ನೂ ಒಂದೇ ಅಳತೆಯಲ್ಲಿ ಬರೆದರೆ ಮತ್ತೆ ಪಟ್ಟಿ ಆಗುತ್ತದೆ. ಒಂದನ್ನು ಮುಂದೆ ಇಟ್ಟು ಅದಕ್ಕೆ ಜಾಸ್ತಿ ಜಾಗ ಕೊಡಿ, ಉಳಿದೆರಡು ಒಂದೊಂದು ಸಾಲಿನಲ್ಲಿ ಬರಲಿ. ಮುಂದೆ ಇಡಬೇಕಾದದ್ದು ಪೆನ್ಸಿಲ್ ಅಂತ ನನಗೆ ಯಾವ ಅನುಮಾನವೂ ಇಲ್ಲ. ಕಾರಣ ಹೇಳುತ್ತೇನೆ.

ಟಿಪ್ಪಣಿ ಹಾಳೆ ಫೈಲಿನಲ್ಲಿ ಉಳಿಯುವ ಕಾಗದ. ಅದರ ಮೇಲೆ ಪೆನ್ನಿನಲ್ಲಿ ಗೀಚಿ ತಿದ್ದಿದರೆ, ಆ ಫೈಲ್ ತೆರೆದವರಿಗೆಲ್ಲ ಮುಂದೆಯೂ ಆ ತಪ್ಪು ಕಾಣುತ್ತಿರುತ್ತದೆ. ಹಾಗೇ ಮೇಲಕ್ಕೆ ಕಳಿಸಿದ್ದರೆ ಸಾಹೇಬರೇ ಕರೆದು ಕೇಳುತ್ತಿದ್ದರು. ಮೇಡಂ ಎರಡೂ ಮಾಡಲಿಲ್ಲ. ಅಳಿಸಬಹುದಾದ ಗುರುತು ಹಾಕಿ, ನಿಮ್ಮ ಕೈಗೇ ವಾಪಸ್ ಕೊಟ್ಟರು. ತಪ್ಪು ನಿಮಗೆ ಗೊತ್ತಾಯಿತು, ಬೇರೆ ಯಾರಿಗೂ ಗೊತ್ತಾಗಲಿಲ್ಲ. ಹೊಸಬರ ಮಾನ ಕಾಪಾಡುವ ಉಪಾಯ ಅದು, ಅಲ್ವಾ? ಅವರು ಅದನ್ನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ನೀವು ಹೇಳಿ. ಅವರ ಕೆಲಸ, ಅವರ ಸ್ವಭಾವ, ನಿಮ್ಮ ಋಣ, ಮೂರೂ ಒಂದೇ ಪೆನ್ಸಿಲ್ ಗೆರೆಯಲ್ಲಿ ಬರುತ್ತವೆ.

ಆದರೆ ಇದು ಈಗ ನಿಮ್ಮೊಬ್ಬರ ನೆನಪು, ಕಾರ್ಡು ಎಲ್ಲರದ್ದು. “ನಾವು” ಅಂತ ಬರೆಯಬೇಕಾದರೆ ಇನ್ನೂ ಕೆಲವರಿಗೆ ಹಾಗೇ ಆಗಿರಬೇಕು. ಅದಕ್ಕೆ ನಿಮ್ಮವರನ್ನು ವಿಚಾರಿಸಿ. ಕೇಳುವ ರೀತಿ ಮುಖ್ಯ. “ಮೇಡಂ ಬಗ್ಗೆ ಏನಾದರೂ ಹೇಳಿ” ಅಂದರೆ ಎಲ್ಲರೂ “ತುಂಬಾ ಒಳ್ಳೆಯವರು” ಅಂದು ಮುಗಿಸುತ್ತಾರೆ. ಅವರಿಗೆ ಪ್ರೀತಿ ಇಲ್ಲ ಅಂತಲ್ಲ, ಅಂಥ ಪ್ರಶ್ನೆಗೆ ಅಂಥದ್ದೇ ಉತ್ತರ ಬರುವುದು. ಬದಲಿಗೆ, “ನೀವು ಸೇರಿದ ಹೊಸದರಲ್ಲಿ ಮೇಡಂ ನಿಮಗೆ ಏನು ಹೇಳಿಕೊಟ್ಟರು?” ಅಂತ ಕೇಳಿ. “ಮೇಡಂ ರಜೆ ಹಾಕಿದ ದಿನ ಯಾವ ಕೆಲಸ ಸಿಕ್ಕಿಹಾಕಿಕೊಳ್ಳುತ್ತಿತ್ತು?” ಅಂತ ಕೇಳಿ. “ಅವರ ಬಾಯಲ್ಲಿ ಪದೇ ಪದೇ ಬರುವ ಮಾತು ಯಾವುದು?” ಅಂತ ಕೇಳಿ. ಈ ಮೂರೇ ಸಾಕು. ಎಲ್ಲರನ್ನೂ ಒಟ್ಟಿಗೆ ಕೂಡಿಸಿ ಕೇಳಬೇಡಿ. ಮೊದಲು ಮಾತಾಡಿದವರು ಹೇಳಿದ್ದನ್ನೇ ಉಳಿದವರು ಹೌದು ಹೌದು ಅನ್ನುತ್ತಾರೆ. ಒಬ್ಬೊಬ್ಬರ ಹತ್ತಿರ ಎರಡು ನಿಮಿಷ ನಿಂತು ಕೇಳಿ, ಅವರ ಮಾತಿನಲ್ಲೇ ಗುರುತು ಮಾಡಿಕೊಳ್ಳಿ.

ಮೂರು ನಾಲ್ಕು ಜನ ಪೆನ್ಸಿಲ್ ವಿಷಯ ತಾವಾಗಿ ಎತ್ತಿದರೆ “ನಮ್ಮಲ್ಲಿ ಅನೇಕರು” ಅಂತ ಧೈರ್ಯವಾಗಿ ಬರೆಯಿರಿ. ಯಾರೂ ಎತ್ತದಿದ್ದರೆ ಅದು ನಿಮ್ಮ ಸಹಿಯ ಪಕ್ಕದಲ್ಲಿ, ನಿಮ್ಮ ಹೆಸರಿನಲ್ಲಿ ಬರಲಿ. ಎಲ್ಲರ ಪರವಾಗಿ ಬರೆಯುವ ಭಾಗಕ್ಕೆ ಬೇರೆ ನೆನಪು ಹುಡುಕಿ. ಇಲ್ಲದ “ನಾವು” ಮೇಡಂಗೆ ಕೂಡಲೇ ಗೊತ್ತಾಗುತ್ತದೆ. ಯಾರ ಟಿಪ್ಪಣಿಗೆ ಗುರುತು ಹಾಕಿದ್ದರು ಅಂತ ಅವರಿಗೆ ನೆನಪಿದ್ದೇ ಇರುತ್ತದೆ.

ಕೇಳುವಾಗ ಇನ್ನೊಂದು ಸಣ್ಣ ವಿಷಯವನ್ನೂ ಖಚಿತ ಮಾಡಿಕೊಳ್ಳಿ. ಗುರುತು ಎಂಥದ್ದು? ಅಂಚಿನಲ್ಲಿ ಗೆರೆಯಾ, ಪದದ ಸುತ್ತ ಸೊನ್ನೆಯಾ, ಪ್ರಶ್ನಾರ್ಥಕ ಚಿಹ್ನೆಯಾ? ನೀವು ತಿದ್ದಿದ ಮೇಲೆ ಅದನ್ನು ಅಳಿಸುತ್ತಿದ್ದವರು ಯಾರು, ನೀವಾ ಅವರಾ? ಇದು ಅತಿ ಅನ್ನಿಸಬಹುದು. ಆದರೆ ಈ ಕಾರ್ಡಿನ ಜೀವ ಇರುವುದು ಇಲ್ಲೇ. “ಪೆನ್ಸಿಲ್‌ನಲ್ಲಿ ತಿದ್ದುತ್ತಿದ್ದಿರಿ” ಅನ್ನುವುದಕ್ಕೂ, “ಅಂಚಿನಲ್ಲಿ ಸಣ್ಣ ಗೆರೆ ಹಾಕುತ್ತಿದ್ದಿರಿ, ನಾವು ತಿದ್ದಿ ತಂದ ಮೇಲೆ ನೀವೇ ಅದನ್ನು ಅಳಿಸುತ್ತಿದ್ದಿರಿ” ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಎರಡನೆಯದರಲ್ಲಿ ಅವರ ಕೈ ಕಾಣುತ್ತದೆ.

ಫೈಲ್ ಒಣಗಿಸಿದ ವಿಷಯದಲ್ಲಿ ಎಚ್ಚರ ಬೇಕು. “ಅವರೇ” ಅಂತ ಬರೆದಿದ್ದೀರಿ. ಅವರೊಬ್ಬರೇನಾ? ಅವತ್ತು ಜೊತೆಗೆ ಕೈ ಹಾಕಿದ ಅಟೆಂಡರ್ ಅಥವಾ ಇನ್ನೊಬ್ಬ ಸಹೋದ್ಯೋಗಿ ಇದೇ ಕಾರ್ಡಿಗೆ ಸಹಿ ಮಾಡುವವರಿರಬಹುದು. “ನೀವೊಬ್ಬರೇ ಉಳಿಸಿದಿರಿ” ಅಂತ ಬರೆದರೆ ಅವರಿಗೆ ನೋವಾಗುತ್ತದೆ, ಮೇಡಂಗೂ ಮುಜುಗರ. ಅವತ್ತು ಅಲ್ಲಿದ್ದವರನ್ನು ಹುಡುಕಿ, ಮೇಡಂ ನಿಜವಾಗಿ ಏನು ಮಾಡಿದರು ಅಂತ ಕೇಳಿ. ಟ್ಯಾಗ್ ಬಿಚ್ಚಿ ಹಾಳೆ ಬಿಡಿಸಿದರಾ? ಒಣಗಿದ ಮೇಲೆ ಪುಟಸಂಖ್ಯೆ ನೋಡಿ ಮತ್ತೆ ಜೋಡಿಸಿದರಾ? ನೆನೆದ ಹಾಳೆ ಒಣಗಿಸುವುದು ಯಾರಿಂದಲೂ ಆಗುತ್ತದೆ. ಒಂದು ಫೈಲಿನ ಹಾಳೆ ಇನ್ನೊಂದಕ್ಕೆ ಸೇರದ ಹಾಗೆ ನೋಡಿಕೊಳ್ಳುವುದು ಫೈಲ್ ಗೊತ್ತಿದ್ದವರಿಂದ ಮಾತ್ರ ಸಾಧ್ಯ. ಅವರು ಅದನ್ನು ಮಾಡಿದ್ದರೆ, ಬರೆಯಬೇಕಾದ ವಿಷಯ ಅದು.

ಇನ್ನು ಖಡಕ್ ಸ್ವಭಾವ. “ಸ್ವಲ್ಪ ಖಡಕ್, ಆದರೆ ಒಳ್ಳೆಯವರು” ಅನ್ನುವ “ಆದರೆ” ಕಾರ್ಡಿಗೆ ಬರಬಾರದು. ಹೋಗುವ ದಿನ ಅವರ ಗುಣದೋಷ ತೂಗಿದ ಹಾಗಾಗುತ್ತದೆ. ಹಾಗಂತ ಖಡಕ್‌ತನವನ್ನು ಮುಚ್ಚಿಟ್ಟು “ಸದಾ ನಗುಮೊಗದ ಮೇಡಂ” ಅಂತ ಬರೆದರೆ ಸಹಿ ಹಾಕುವವರೇ ಮುಖ ಮುಖ ನೋಡಿಕೊಳ್ಳುತ್ತಾರೆ. ದಾರಿ ಸುಲಭ. ಹೆಸರಿಡದೆ ನಡೆದದ್ದನ್ನು ಬರೆಯಿರಿ: “ತಾರೀಕಿಲ್ಲದ ಕಾಗದ ಯಾರದೇ ಇರಲಿ, ನಿಮ್ಮ ಮೇಜು ದಾಟಲಿಲ್ಲ.” ಇದರಲ್ಲಿ “ಯಾರದೇ ಇರಲಿ” ಅನ್ನುವ ಎರಡು ಪದಕ್ಕೆ ತೂಕ ಇದೆ. ದೊಡ್ಡವರಿಗೊಂದು ಚಿಕ್ಕವರಿಗೊಂದು ನಿಯಮ ಅವರು ಮಾಡಲಿಲ್ಲ ಅಂತ ಅದು ಹೇಳುತ್ತದೆ. ಅದು ನಿಜ ಆಗಿದ್ದರೆ ಮಾತ್ರ ಬರೆಯಿರಿ.

ನಿಮ್ಮ ಕರಡಿನಲ್ಲಿ ನನಗೆ ಚುಚ್ಚಿದ ಸಾಲು “ತುಂಬಲಾರದ ನಷ್ಟ”. ಇದು ನಾವು ಯಾರಾದರೂ ತೀರಿಕೊಂಡಾಗ ಬರೆಯುವ ಮಾತು. ಬೀಳ್ಕೊಡುಗೆ ಕಾರ್ಡಿನಲ್ಲಿ ಶ್ರದ್ಧಾಂಜಲಿಯ ಭಾಷೆ ಗೊತ್ತಿಲ್ಲದೆ ನುಸುಳುತ್ತದೆ. “ಅಗಲಿಕೆ”, “ನಿಮ್ಮ ನೆನಪು ಅಮರ”, “ಸದಾ ಸ್ಮರಣೀಯ”, ಎಲ್ಲ ಅದೇ ಮನೆತನದವು. ಮೇಡಂ ರಿಟೈರ್ ಆಗುತ್ತಿದ್ದಾರೆ, ಚೆನ್ನಾಗಿದ್ದಾರೆ, ನಾಳೆ ಎದುರಿಗೆ ಸಿಗುತ್ತಾರೆ. ಅದೇ ಸಾಲಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಅವರ ಜಾಗಕ್ಕೆ ಬರುವವರು ಅದೇ ಸಮಾರಂಭದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿರಬಹುದು. “ನಿಮ್ಮ ಜಾಗ ತುಂಬುವವರಿಲ್ಲ” ಅಂತ ಅವರ ಎದುರಿಗೇ ಓದಿದರೆ ಹೇಗೆ?

ಶ್ರದ್ಧಾಂಜಲಿಯ ಧಾಟಿ ತಪ್ಪಿಸಲು ಕ್ರಿಯಾಪದ ಗಮನಿಸಿ. ಅವರು ಮಾಡುತ್ತಿದ್ದದ್ದನ್ನು “ನೀವು… ಮಾಡುತ್ತಿದ್ದಿರಿ” ಅಂತ ನೇರವಾಗಿ ಅವರಿಗೇ ಹೇಳಿ. ಕೊನೆಯ ಒಂದೆರಡು ಸಾಲು ಇವತ್ತಿನದ್ದೋ ನಾಳೆಯದ್ದೋ ಆಗಿರಲಿ. ಅವರು ಒಣಗಿಸಿದ ಫೈಲನ್ನು ಈಗಲೂ ತೆಗೆದು ನೋಡುತ್ತೀರಾ? ಹಾಗಿದ್ದರೆ ಅದನ್ನೇ ಬರೆಯಿರಿ. ಅವರು ಹೋದ ಮೇಲೂ ಅವರ ಕೆಲಸ ಆಫೀಸಿನಲ್ಲಿ ನಡೀತಾ ಇದೆ ಅಂತ ಹೇಳದೆಯೇ ಹೇಳಿದ ಹಾಗಾಗುತ್ತದೆ. “ತಾವು”, “ತಮ್ಮ” ಬೇಕಾ ಅಂತ ಕೇಳಿದರೆ, ನೀವು ದಿನಾ ಅವರ ಜೊತೆ ಹೇಗೆ ಮಾತಾಡುತ್ತೀರೋ ಹಾಗೆ ಬರೆಯಿರಿ. ದಿನಾ “ನೀವು ಮೇಡಂ” ಅಂದವರು ಕೊನೆಯ ದಿನ “ತಾವು” ಅಂದರೆ ದೂರ ತಳ್ಳಿದ ಹಾಗಿರುತ್ತದೆ.

ನಿಮ್ಮ ಮಾಹಿತಿ ಇಟ್ಟುಕೊಂಡು ನಾನೇ ಬರೆದು ನೋಡಿದೆ. ಮೊದಲ ಸಲ ಹೀಗೆ ಬಂತು:

“ಮೇಡಂ, ನಮ್ಮಂಥ ಹೊಸಬರಿಗೆ ನೀವು ತಾಳ್ಮೆಯಿಂದ ಕೆಲಸ ಕಲಿಸಿದಿರಿ. ನಮ್ಮ ಟಿಪ್ಪಣಿಗಳನ್ನು ಪೆನ್ಸಿಲ್‌ನಲ್ಲಿ ತಿದ್ದಿ ಕೊಡುತ್ತಿದ್ದ ನಿಮ್ಮ ದೊಡ್ಡ ಮನಸ್ಸನ್ನು ಮರೆಯಲಾರೆವು. ರೆಕಾರ್ಡ್ ರೂಮಿಗೆ ನೀರು ಬಂದಾಗಲೂ ನೀವು ತೋರಿದ ಕಾಳಜಿ ದೊಡ್ಡದು.”

ಪೆನ್ಸಿಲ್ ಬಂತು, ನೀರೂ ಬಂತು. ಆದರೂ ಸಪ್ಪೆ. ಯಾಕೆ ಅಂದರೆ ಪ್ರತಿ ನೆನಪಿನ ಬಾಲಕ್ಕೆ ಒಂದು ತೀರ್ಪು ಅಂಟಿಕೊಂಡಿದೆ. ತಾಳ್ಮೆ, ದೊಡ್ಡ ಮನಸ್ಸು, ಕಾಳಜಿ. ನಡೆದದ್ದನ್ನು ಹೇಳಿದ ಮೇಲೆ ಅದರ ಅರ್ಥವನ್ನೂ ನಾವೇ ಹೇಳಿಬಿಟ್ಟರೆ ಓದುವವರಿಗೆ ಏನೂ ಉಳಿಯುವುದಿಲ್ಲ. ಈ ಮೂರು ಪದ ತೆಗೆದು, ಆ ಜಾಗಕ್ಕೆ ವಿವರ ಇಟ್ಟೆ. ಎರಡನೇ ಸಲ ಹೀಗಾಯಿತು:

“ಪ್ರೀತಿಯ ಮೇಡಂ,
ನಮ್ಮಲ್ಲಿ ಅನೇಕರು ಕೆಲಸ ಕಲಿತದ್ದು ನಿಮ್ಮ ಪೆನ್ಸಿಲ್ ಗುರುತಿನಿಂದ. ಟಿಪ್ಪಣಿ ಸಾಹೇಬರ ಹತ್ತಿರ ಹೋಗುವ ಮೊದಲು ನೀವು ಒಮ್ಮೆ ಓದುತ್ತಿದ್ದಿರಿ. ತಪ್ಪಿದ್ದಲ್ಲಿ ಅಂಚಿನಲ್ಲಿ ಒಂದು ಸಣ್ಣ ಗೆರೆ. ನಾವು ತಿದ್ದಿ ತಂದ ಮೇಲೆ ಆ ಗೆರೆಯನ್ನು ನೀವೇ ಅಳಿಸುತ್ತಿದ್ದಿರಿ. ನಮ್ಮ ತಪ್ಪು ಇನ್ಯಾರಿಗೂ ಗೊತ್ತಾಗಲಿಲ್ಲ.
ತಾರೀಕಿಲ್ಲದ ಕಾಗದ ಯಾರದೇ ಇರಲಿ, ನಿಮ್ಮ ಮೇಜು ದಾಟಲಿಲ್ಲ. ರೆಕಾರ್ಡ್ ರೂಮಿಗೆ ನೀರು ನುಗ್ಗಿದಾಗ ನೀವು ಹಾಳೆ ಹಾಳೆ ಬಿಡಿಸಿ ಒಣಗಿಸಿದ ಫೈಲುಗಳನ್ನು ನಾವು ಇವತ್ತಿಗೂ ತೆಗೆದು ನೋಡುತ್ತೇವೆ. ಒಂದು ಪುಟವೂ ಹಿಂದುಮುಂದಾಗಿಲ್ಲ.
ಇನ್ನು ಟಿಪ್ಪಣಿ ಬರೆದು ಕೊಡುವ ಮುಂಚೆ ನಾವೇ ಎರಡು ಸಲ ಓದುತ್ತೇವೆ. ಆರೋಗ್ಯವಾಗಿರಿ. ಈ ಕಡೆ ಬಂದಾಗ ಒಳಗೆ ಬನ್ನಿ.”

ಇದರಲ್ಲಿ ಒಂದೂ ಹೊಗಳಿಕೆಯ ಪದ ಇಲ್ಲ. ಗೆರೆ ಅಳಿಸಿದ್ದು ಯಾರು, ಪುಟ ಸರಿಯಾಗಿವೆಯಾ, ಇವನ್ನು ನಾನು ಊಹಿಸಿ ಬರೆದಿದ್ದೇನೆ. ನೀವು ವಿಚಾರಿಸಿದ ಮೇಲೆ ಬೇರೆ ಉತ್ತರ ಬಂದರೆ ಆ ಸಾಲನ್ನು ಬದಲಾಯಿಸಲೇಬೇಕು. ಆಮೇಲೆ ಒಂದು ಪರೀಕ್ಷೆ ಮಾಡಿ. ಇದೇ ಬರಹವನ್ನು ಕಳೆದ ವರ್ಷ ರಿಟೈರ್ ಆದವರಿಗೆ ಕೊಡಬಹುದಿತ್ತಾ ಅಂತ ಯೋಚಿಸಿ. ಒಂದು ಸಾಲು ಅವರಿಗೂ ಹೊಂದುತ್ತದೆ ಅನ್ನಿಸಿದರೆ ಆ ಸಾಲು ಇನ್ನೂ ಹದಕ್ಕೆ ಬಂದಿಲ್ಲ. “ಆರೋಗ್ಯವಾಗಿರಿ” ಮಾತ್ರ ಎಲ್ಲರಿಗೂ ಹೊಂದುತ್ತದೆ, ಅದು ಇರಲಿ. ಹಾರೈಕೆ ಸಾಮಾನ್ಯವಾಗಿದ್ದರೆ ಯಾರಿಗೂ ಬೇಸರ ಇಲ್ಲ. ಮೇಡಂ ಇನ್ನು ಮುಂದೆ ಏನಾದರೂ ಮಾಡಬೇಕು ಅಂತ ತಾವಾಗಿ ಎಲ್ಲರ ಮುಂದೆ ಹೇಳಿದ್ದರೆ ಅದನ್ನು ಸೇರಿಸಿ. ಹೇಳಿಲ್ಲದಿದ್ದರೆ “ಇನ್ನು ವಿಶ್ರಾಂತಿ ತಗೊಳ್ಳಿ” ಅಂತ ಬರೆಯಬೇಡಿ. ಕೆಲಸ ಬಿಡಲು ಮನಸ್ಸಿಲ್ಲದವರಿಗೆ ಆ ಮಾತು ಹಿತ ಅನ್ನಿಸುವುದಿಲ್ಲ.

ಯಾವ ನೆನಪನ್ನು ಬಿಡಬೇಕು ಅನ್ನುವುದೂ ಹೇಳಬೇಕು. ಕಾರ್ಡು ಎಲ್ಲರ ಕೈಗೆ ಹೋಗುತ್ತದೆ, ಕೆಲವು ಕಡೆ ಸಮಾರಂಭದಲ್ಲಿ ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಮನೆಯವರು ಓದುತ್ತಾರೆ. ಒಂದು ಆಫೀಸಿನವರು ತಂದ ಕರಡಿನಲ್ಲಿ, “ನಾವು ತಡವಾಗಿ ಬಂದಾಗ ಹಾಜರಿ ಪುಸ್ತಕವನ್ನು ಸ್ವಲ್ಪ ಹೊತ್ತು ಕೆಳಗೆ ಇಟ್ಟಿರುತ್ತಿದ್ದಿರಿ” ಅಂತ ಇತ್ತು. ಪ್ರೀತಿಯಿಂದಲೇ ಬರೆದದ್ದು. ಆದರೆ ನಿಯಮ ಮೀರಿ ಮಾಡಿದ ಉಪಕಾರವನ್ನು ಮೇಲಧಿಕಾರಿ ಓದುವ ಕಾಗದದಲ್ಲಿ ಬರೆದರೆ, ಉಪಕಾರ ಮಾಡಿದವರಿಗೇ ತೊಂದರೆ. ಅದನ್ನು ತೆಗೆಸಿದೆ. ನಿಮ್ಮವರು ಹೇಳುವ ನೆನಪುಗಳಲ್ಲೂ ಇಂಥದ್ದು ಬರಬಹುದು. ಅದನ್ನು ಬಾಯಿಮಾತಿನಲ್ಲಿ ಹೇಳಲಿ. ಹಾಗೇ ಮೇಡಂ ಅವರ ಕಾಯಿಲೆ, ಮನೆಯ ಕಷ್ಟ, ಸಿಗದೇ ಹೋದ ಬಡ್ತಿ, ಇವು ಯಾವ ರೂಪದಲ್ಲೂ ಬೇಡ.

31 ವರ್ಷ ಅನ್ನುವ ಲೆಕ್ಕವನ್ನು ನಾನು ಬೇಕಂತಲೇ ಬಿಟ್ಟಿದ್ದೇನೆ. ಹಾಕುವುದಾದರೆ ಅದು ಒಟ್ಟು ಸೇವೆಯಾ, ನಿಮ್ಮ ಆಫೀಸಿನದ್ದು ಮಾತ್ರವಾ ಅಂತ ಸೇವಾ ದಾಖಲೆ ನೋಡುವವರ ಹತ್ತಿರ ಕೇಳಿಕೊಳ್ಳಿ. ತಾರೀಕಿನ ವಿಷಯದಲ್ಲಿ ಅಷ್ಟು ಖಡಕ್ ಇದ್ದವರ ಕಾರ್ಡಿನಲ್ಲೇ ಲೆಕ್ಕ ತಪ್ಪಿದರೆ ಚೆನ್ನಾಗಿರಲ್ಲ.

ಇನ್ನು ಕಾರ್ಡಿನ ಮೇಲೆ ಬರೆಯುವುದು. ಎ4 ಹಾಳೆಯನ್ನು ಮಡಿಸಿದಷ್ಟು ದೊಡ್ಡ ಕಾರ್ಡಾದರೆ, ಒಳಗಿನ ಒಂದು ಪುಟಕ್ಕೆ ಕೈಬರಹದಲ್ಲಿ ಹದಿನೈದು ಹದಿನಾರು ಸಾಲು ನೆಮ್ಮದಿಯಾಗಿ ಹಿಡಿಸುತ್ತವೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿನ ನಡುವೆ ಸುಮಾರು ಒಂದು ಸೆಂಟಿಮೀಟರ್ ಜಾಗ ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ ಗಜಿಬಿಜಿ ಆಗುತ್ತದೆ. ಮೇಲಿನ ಬರಹ ಒಂದು ಪುಟಕ್ಕೆ ಸರಿಯಾಗಿ ಕೂರಬೇಕು. ನಿಮ್ಮ ಅಕ್ಷರ ದೊಡ್ಡದಾದರೆ “ತಾರೀಕಿಲ್ಲದ ಕಾಗದ” ಅನ್ನುವ ಸಾಲು ಬಿಡಿ, ಪೆನ್ಸಿಲ್ ಸಾಲುಗಳನ್ನು ಮುಟ್ಟಬೇಡಿ. ಮೊದಲು ಅದೇ ಅಳತೆಯ ಬೇರೆ ಹಾಳೆಯಲ್ಲಿ ಬರೆದು ನೋಡಿ. ನುಣುಪಾದ ಕಾರ್ಡಿನ ಮೇಲೆ ಜೆಲ್ ಪೆನ್ ಬೇಗ ಒಣಗದೆ ಕೈಗೆ ಬಳಿದುಕೊಳ್ಳುತ್ತದೆ, ಬಾಲ್ ಪೆನ್ ವಾಸಿ.

ಎದುರಿನ ಪುಟ ಸಹಿಗಳಿಗೆ ಇರಲಿ. ಸಹಿ ಮಾಡುವವರಿಗೆ ಒಂದೇ ಒಂದು ಮಾತು ಹೇಳಿ: “ಶುಭಾಶಯಗಳು ಅಂತ ಬರೆಯಬೇಡಿ, ಮೇಡಂ ನಿಮಗೆ ಹೇಳಿಕೊಟ್ಟ ಒಂದು ವಿಷಯ ಬರೆಯಿರಿ.” “ಟ್ಯಾಗ್ ಹಾಕೋದು ನಿಮ್ಮಿಂದ ಕಲಿತೆ” ಅಂತ ಒಬ್ಬರು ಬರೆದರೆ ಸಾಕು, ಮುಂದಿನವರಿಗೆ ದಾರಿ ಸಿಗುತ್ತದೆ. ಅದಕ್ಕೇ ಮೊದಲ ಸಹಿ ನಿಮ್ಮದಾಗಲಿ, ಇಲ್ಲವೇ ಚೆನ್ನಾಗಿ ಬರೆಯುತ್ತಾರೆ ಅಂತ ನಿಮಗೆ ಗೊತ್ತಿರುವವರದ್ದಾಗಲಿ. ಸಾಹೇಬರಿಗೆ ಮೊದಲು ಕೊಟ್ಟರೆ ಅವರು ಸಹಿ ಮಾತ್ರ ಹಾಕಿ ಕಳಿಸಬಹುದು, ಉಳಿದವರೂ ಹಾಗೇ ಮಾಡುತ್ತಾರೆ.

ಲಕೋಟೆಯ ಮೇಲೆ ಅವರ ಹೆಸರನ್ನು ಅವರು ಸಹಿಯಲ್ಲಿ ಬರೆಯುವ ಹಾಗೇ ಬರೆಯಿರಿ, ಇನಿಷಿಯಲ್ ಮೊದಲು ಬರುತ್ತದಾ ಕೊನೆಗಾ ಅಂತ ಅವರು ಸಹಿ ಹಾಕಿದ ಯಾವುದಾದರೂ ಕಾಗದ ನೋಡಿ. ಕಾರ್ಡಿನ ಒಳಗೆ, ಕೊನೆಯ ಸಾಲಿನ ಕೆಳಗೆ, ಕೊಡುವ ದಿನದ ತಾರೀಕು ಹಾಕುವುದನ್ನು ಮರೆಯಬೇಡಿ. ತಾರೀಕಿಲ್ಲದ ಕಾಗದವನ್ನು ಅವರು ತಗೊಳ್ಳಲ್ಲ ಅಂತ ನೀವೇ ಬರೆದಿದ್ದೀರಲ್ಲ.